ಬಿಡಿಸಿ ನೋಡಿದರೆ ಸಿಕ್ಕಿಬೀಳುವ ತಪ್ಪುಗಳು: ಸಂಧಿಯಿಂದ ಕಾಗುಣಿತದ ಕಡೆಗೆ

ಸುದ್ದಿವಾಹಿನಿಗಳ ಅಡಿಬರಹಗಳಲ್ಲಿಯೂ ಜಾಹೀರಾತುಗಳಲ್ಲಿಯೂ ‘ಕೋಟ್ಯಾಂತರ ರೂಪಾಯಿ’ ಎಂಬ ಬರಹ ಎಷ್ಟು ರೂಢಿಯಾಗಿದೆಯೆಂದರೆ, ‘ಕೋಟ್ಯಂತರ’ ಎಂದು ಸರಿಯಾಗಿ ಬರೆದರೆ ಅದನ್ನೇ ಅಚ್ಚಿನ ತಪ್ಪೆಂದು ತಿಳಿಯುವವರಿದ್ದಾರೆ. ಈ ತಪ್ಪಿನ ಹುಟ್ಟು ಮಾತ್ರ ಅಜ್ಞಾನದಲ್ಲಿಲ್ಲ, ಪಕ್ಕದ ಪದದಲ್ಲಿದೆ. ‘ಲಕ್ಷಾಂತರ’ ಎಂದು ಬರೆದ ಕೈ ಅದೇ ಓಟದಲ್ಲಿ ‘ಕೋಟ್ಯಾಂತರ’ ಎಂದೂ ಬರೆಯುತ್ತದೆ. ಆದರೆ ಎರಡೂ ಪದಗಳನ್ನು ಬಿಡಿಸಿ ನೋಡಿದರೆ ಅವು ಬೇರೆ ಬೇರೆ ಬಗೆಯಲ್ಲಿ ಕೂಡಿವೆಯೆಂಬುದು ತಿಳಿಯುತ್ತದೆ. ‘ಲಕ್ಷ’ದ ಕೊನೆಯಲ್ಲಿ ಅಕಾರವಿದೆ, ‘ಅಂತರ’ದ ಮೊದಲಲ್ಲಿಯೂ ಅಕಾರವಿದೆ, ಎರಡು ಸವರ್ಣ ಸ್ವರಗಳು ಸೇರಿ ಒಂದು ದೀರ್ಘವಾಗುತ್ತವೆ. ‘ಕೋಟಿ’ಯ ಕೊನೆಯಲ್ಲಿರುವುದು ಇಕಾರ. ಅದರ ಮುಂದೆ ಬೇರೆ ಸ್ವರ ಬಂದಾಗ ಇಕಾರವು ಯಕಾರವಾಗುತ್ತದೆ, ಮುಂದಿನ ಸ್ವರ ತಾನಿದ್ದಂತೆಯೇ ಉಳಿಯುತ್ತದೆ. ಕೋಟ್ + ಯ್ + ಅಂತರ ಎಂದಾದಾಗ ದೀರ್ಘಕ್ಕೆ ಎಡೆಯೇ ಇಲ್ಲ.

ಶಾಲೆಯಲ್ಲಿ ನಾವು ಯಣ್ ಸಂಧಿಯೆಂದು ಕಲಿತದ್ದು ಇದನ್ನೇ. ಇ, ಈ ಎಂಬುವು ಯಕಾರವಾಗಿಯೂ ಉ, ಊ ಎಂಬುವು ವಕಾರವಾಗಿಯೂ ಋಕಾರವು ರೇಫವಾಗಿಯೂ ಮಾರ್ಪಡುತ್ತವೆ ಎಂಬ ಭಾಗ ಬಹುತೇಕ ಎಲ್ಲರ ನೆನಪಿನಲ್ಲಿರುತ್ತದೆ. ಮುಂದಿನ ಸ್ವರದ ಹ್ರಸ್ವವೋ ದೀರ್ಘವೋ ಬದಲಾಗುವುದಿಲ್ಲ ಎಂಬ ಇನ್ನೊಂದು ಭಾಗ ಮರೆತುಹೋಗುತ್ತದೆ, ತಪ್ಪುಗಳೆಲ್ಲ ಅಲ್ಲಿಯೇ ಆಗುತ್ತವೆ. ಜಾತಿ ಮತ್ತು ಅತೀತ ಸೇರಿದರೆ ‘ಜಾತ್ಯತೀತ’ವೇ ಹೊರತು ‘ಜಾತ್ಯಾತೀತ’ವಲ್ಲ. ಕೋಟಿ ಮತ್ತು ಅಧಿಪತಿ ಸೇರಿದರೆ ‘ಕೋಟ್ಯಧಿಪತಿ’. ಗತಿ ಮತ್ತು ಅಂತರ ಸೇರಿದರೆ ‘ಗತ್ಯಂತರ’. ಇದರ ಮರುಬದಿಯೂ ಇದೆ: ಎರಡನೆಯ ಪದ ಆಕಾರದಿಂದಲೇ ಮೊದಲಾಗುವುದಾದರೆ ಆ ದೀರ್ಘವನ್ನು ಬಿಡುವಂತಿಲ್ಲ. ಅತಿ ಮತ್ತು ಆಧುನಿಕ ಸೇರಿ ‘ಅತ್ಯಾಧುನಿಕ’, ಜಾತಿ ಮತ್ತು ಆಧಾರಿತ ಸೇರಿ ‘ಜಾತ್ಯಾಧಾರಿತ’, ಇತಿ ಮತ್ತು ಆದಿ ಸೇರಿ ‘ಇತ್ಯಾದಿ’. ಹೀಗಾಗಿ ‘ಜಾತ್ಯತೀತ’ದಲ್ಲಿ ಹ್ರಸ್ವವೂ ‘ಜಾತ್ಯಾಧಾರಿತ’ದಲ್ಲಿ ದೀರ್ಘವೂ ಸರಿ. ಮೊದಲ ಪದ ಒಂದೇ ಆದರೂ ಫಲ ಬೇರೆಯಾಗುವುದಕ್ಕೆ ಎರಡನೆಯ ಪದದ ಮೊದಲಕ್ಷರವೇ ಕಾರಣ.

‘ಅಧ್ಯಾತ್ಮ’ವನ್ನೂ ಇದೇ ರೀತಿ ಬಿಡಿಸಬಹುದು. ಅಧಿ ಮತ್ತು ಆತ್ಮ ಸೇರಿ ‘ಅಧ್ಯಾತ್ಮ’ವಾಗುತ್ತದೆ, ಮೊದಲ ಅಕ್ಷರ ಹ್ರಸ್ವ. ಅದಕ್ಕೆ ‘ಇಕ’ ಎಂಬ ಪ್ರತ್ಯಯ ಹತ್ತಿದಾಗ ಮಾತ್ರ ಮೊದಲ ಸ್ವರಕ್ಕೆ ವೃದ್ಧಿ ಬಂದು ‘ಆಧ್ಯಾತ್ಮಿಕ’ವಾಗುತ್ತದೆ. ವಿಶೇಷಣದಲ್ಲಿರುವ ದೀರ್ಘವನ್ನು ಹಿಂದಕ್ಕೆಳೆದು ‘ಆಧ್ಯಾತ್ಮ’ ಎಂದು ಬರೆಯುವುದು ಇಂದು ವ್ಯಾಪಕವಾಗಿದೆ. ಸಮಾಜ ಹ್ರಸ್ವವಾಗಿದ್ದೂ ಸಾಮಾಜಿಕ ದೀರ್ಘವಾಗುವುದನ್ನು ನೆನೆದರೆ ಇಲ್ಲಿ ಗೊಂದಲ ಉಳಿಯುವುದಿಲ್ಲ.

ಕಚೇರಿ ಪತ್ರಗಳಲ್ಲಿ ಬರುವ ‘ಉಪರೋಕ್ತ’ ಎಂಬುದೂ ಇದೇ ಕುಟುಂಬದ ತಪ್ಪು. ಪೂರ್ವ ಮತ್ತು ಉಕ್ತ ಸೇರಿ ‘ಪೂರ್ವೋಕ್ತ’ವಾಗುವುದು ಗುಣಸಂಧಿ, ಅಕಾರದ ಮುಂದೆ ಉಕಾರ ಬಂದುದರಿಂದ ಓಕಾರ ಬಂದಿದೆ. ಮೇಲೆ ಎಂಬ ಅರ್ಥದ ಸಂಸ್ಕೃತ ಪದ ‘ಉಪರಿ’, ಅದರ ಕೊನೆಯಲ್ಲಿ ಅಕಾರವಿಲ್ಲ, ಇಕಾರವಿದೆ. ಆದ್ದರಿಂದ ಅದು ‘ಉಪರ್ಯುಕ್ತ’ವಾಗಬೇಕು. ಈ ರೂಪ ನಾಲಿಗೆಗೆ ತೊಡಕೆನಿಸಿದರೆ ‘ಮೇಲ್ಕಂಡ’, ‘ಮೇಲೆ ಹೇಳಿದ’ ಎಂದು ಬರೆಯುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಅರ್ಜಿಯೊಂದರ ಮೊದಲ ಸಾಲಿನಲ್ಲಿ ಸಂಧಿಯ ಕಷ್ಟವನ್ನು ಓದುಗರ ಮೇಲೆ ಹೊರಿಸಬೇಕಾದ ಅಗತ್ಯವಿಲ್ಲ.

ಕಿವಿ ನೆರವಾಗದ ಕಡೆ: ಮಹಾಪ್ರಾಣ

ಅಚ್ಚಕನ್ನಡದ ಪದಗಳಲ್ಲಿ ಮಹಾಪ್ರಾಣಗಳು ಇಲ್ಲವೆನ್ನುವಷ್ಟು ವಿರಳ. ದಿನನಿತ್ಯದ ಮಾತಿನಲ್ಲಿ ಅಭಿವೃದ್ಧಿ ಎಂದರೂ ಅಭಿವೃದ್ದಿ ಎಂದರೂ ಕೇಳಿಸುವುದು ಬಹುಮಟ್ಟಿಗೆ ಒಂದೇ ಧ್ವನಿ. ಹಾಗಾಗಿ ಉಚ್ಚಾರಣೆಯನ್ನು ಕೇಳಿಕೊಂಡು ಬರೆಯುವವರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಬೇಕಾದಲ್ಲಿ ಮಹಾಪ್ರಾಣವನ್ನು ಬಿಟ್ಟು ‘ಪ್ರಸಿದ್ದ’, ‘ಶ್ರದ್ದೆ’ ಎಂದು ಬರೆಯುತ್ತಾರೆ. ಇನ್ನು ಕೆಲವರು ತಪ್ಪಾದೀತೆಂಬ ಅಂಜಿಕೆಯಿಂದಲೇ ಬೇಡದಲ್ಲಿ ಅದನ್ನು ಹಾಕಿ ‘ಸಂಭಂಧ’, ‘ಸಂಧರ್ಭ’, ‘ವಿಧ್ಯಾರ್ಥಿ’, ‘ಹಾರ್ಧಿಕ’ ಎಂದು ಬರೆಯುತ್ತಾರೆ. ಎರಡನೆಯ ಬಗೆಯ ತಪ್ಪು ಹೆಚ್ಚು ಓದಿದವರ ಬರಹದಲ್ಲಿಯೂ ಕಾಣುತ್ತದೆ.

ಇಲ್ಲಿ ನೆಚ್ಚಬಹುದಾದ ಮೊದಲ ಸೂತ್ರ ಒತ್ತಕ್ಷರಕ್ಕೆ ಸಂಬಂಧಿಸಿದ್ದು. ಒಂದೇ ವರ್ಗದ ಎರಡು ವ್ಯಂಜನಗಳು ಸಜಾತೀಯವಾಗಿ ಕೂಡಿದಾಗ ಮೇಲಿನದು ಎಂದಿಗೂ ಮಹಾಪ್ರಾಣವಾಗಿರುವುದಿಲ್ಲ. ‘ಬುಧ್ಧಿ’, ‘ಯುಧ್ಧ’ ಎಂಬ ರೂಪಗಳು ಇರಲು ಸಾಧ್ಯವೇ ಇಲ್ಲ. ಮಹಾಪ್ರಾಣವಿದ್ದರೆ ಅದು ಒತ್ತಿನಲ್ಲಿಯೇ ಇರಬೇಕು: ಬುದ್ಧಿ, ಯುದ್ಧ, ಸ್ವಚ್ಛ. ಉಳಿಯುವ ಪ್ರಶ್ನೆ ಒಂದೇ, ಒತ್ತು ದಕಾರವೋ ಧಕಾರವೋ ಎಂಬುದು. ಅದಕ್ಕೆ ಉತ್ತರ ಪದದ ಹುಟ್ಟಿನಲ್ಲಿದೆ. ಸಂಸ್ಕೃತದಲ್ಲಿ ಧಕಾರಾಂತ ಧಾತುವಿಗೆ ತಕಾರದಿಂದ ಮೊದಲಾಗುವ ಪ್ರತ್ಯಯ ಸೇರಿದಾಗ ಎರಡೂ ಕೂಡಿ ದ್ಧ ಆಗುತ್ತದೆ. ಬುಧ್ ಎಂಬ ಧಾತುವಿನಿಂದ ಬುದ್ಧ, ಬುದ್ಧಿ; ವೃಧ್ ಎಂಬುದರಿಂದ ವೃದ್ಧ, ವೃದ್ಧಿ, ಅಭಿವೃದ್ಧಿ; ಸಿಧ್ ಎಂಬುದರಿಂದ ಸಿದ್ಧ, ಪ್ರಸಿದ್ಧ; ಶುಧ್ ಎಂಬುದರಿಂದ ಶುದ್ಧ; ರುಧ್ ಎಂಬುದರಿಂದ ವಿರುದ್ಧ. ಧಾತುವನ್ನು ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಅದೇ ಮನೆತನದ ಒತ್ತಿಲ್ಲದ ಪದವೊಂದನ್ನು ನೆನೆದರೆ ಸಾಕು. ಬೋಧನೆ, ವರ್ಧನೆ, ಸಾಧನೆ, ಶೋಧನೆ, ವಿರೋಧ ಎಂಬ ಪದಗಳಲ್ಲಿ ಧಕಾರ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಧ ಇದ್ದರೆ ಇಲ್ಲಿ ದ್ಧ.

ದ್ಧ ಬರುವ ಇನ್ನೊಂದು ದಾರಿ ಸಂಧಿ. ತ್ ಅಥವಾ ದ್ ಕೊನೆಯಲ್ಲಿದ್ದು ಮುಂದೆ ಹಕಾರ ಬಂದರೆ ಎರಡೂ ಸೇರಿ ದ್ಧ ಆಗುತ್ತವೆ. ಉತ್ ಮತ್ತು ಹಾರ ಸೇರಿ ‘ಉದ್ಧಾರ’ವಾಗುವುದೂ ತತ್ ಮತ್ತು ಹಿತ ಸೇರಿ ‘ತದ್ಧಿತ’ವಾಗುವುದೂ ಹೀಗೆ. ಆದರೆ ಉತ್ ಮುಂದೆ ದಕಾರವೇ ಬಂದರೆ ಮಹಾಪ್ರಾಣಕ್ಕೆ ಕಾರಣವಿಲ್ಲ: ಉತ್ ಮತ್ತು ದೇಶ ಸೇರಿ ‘ಉದ್ದೇಶ’. ಕನ್ನಡದ ಉದ್ದ, ಮುದ್ದು, ಗದ್ದೆ, ಸದ್ದು, ಎದ್ದು, ಬಿದ್ದು ಎಂಬ ಪದಗಳಲ್ಲಂತೂ ದ್ದ ಮಾತ್ರವೇ ಸರಿ.

ಎರಡನೆಯ ಸೂತ್ರ ಬೇಡದ ಮಹಾಪ್ರಾಣವನ್ನು ಹಿಡಿಯಲು ನೆರವಾಗುತ್ತದೆ. ಸಂಸ್ಕೃತದ ಒಂದೇ ಧಾತುವಿನೊಳಗೆ ಎರಡು ಮಹಾಪ್ರಾಣಗಳು ಒಂದರ ಹಿಂದೊಂದು ಬರುವುದಿಲ್ಲ. ಬಂಧ ಎಂಬಲ್ಲಿ ಧ ಮಹಾಪ್ರಾಣವಾದುದರಿಂದ ಅದರ ಹಿಂದಿನ ಬ ಅಲ್ಪಪ್ರಾಣವಾಗಿಯೇ ಇರಬೇಕು; ಆದ್ದರಿಂದ ಸಂಬಂಧ, ಪ್ರಬಂಧ, ನಿಬಂಧ. ಸಂದರ್ಭದಲ್ಲಿ ಭ ಮಹಾಪ್ರಾಣವಾದುದರಿಂದ ದ ಅಲ್ಪಪ್ರಾಣ. ಎರಡು ಬೇರೆ ಘಟಕಗಳು ಕೂಡಿದ ಪದಗಳಿಗೆ ಈ ಕಟ್ಟು ಅನ್ವಯಿಸದು: ‘ಅಭಿಧಾನ’ದಲ್ಲಿ ಅಭಿ ಎಂಬುದು ಉಪಸರ್ಗ, ಧಾನ ಎಂಬುದು ಬೇರೆ, ಅಲ್ಲಿ ಎರಡೂ ಮಹಾಪ್ರಾಣಗಳು ನ್ಯಾಯವಾಗಿಯೇ ಇವೆ. ಒಂದೇ ಘಟಕದಲ್ಲಿ ಎರಡು ಮಹಾಪ್ರಾಣಗಳು ಕಂಡರೆ ಒಂದು ಕ್ಷಣ ನಿಂತು ಅನುಮಾನಿಸಬೇಕು.

ಉಳಿದುವನ್ನು ಮತ್ತೆ ಹುಟ್ಟಿನಿಂದಲೇ ತಿಳಿಯಬೇಕಾಗುತ್ತದೆ. ‘ಹಾರ್ದಿಕ’, ‘ಸೌಹಾರ್ದ’ಗಳ ತಾಯಿ ಹೃದಯ, ಹೃದಯದಲ್ಲಿ ದ ಇದೆ, ಆದ್ದರಿಂದ ಇಲ್ಲಿಯೂ ದ. ‘ವಿದ್ಯೆ’ಯ ಮೂಲ ವಿದ್ ಎಂಬ ಧಾತು, ವೇದದಲ್ಲಿರುವುದೂ ಅದೇ ದಕಾರ. ‘ಶುಭಾಶಯ’ವನ್ನು ‘ಶುಭಾಷಯ’ ಎಂದು ಬರೆಯುವವರು ಅದನ್ನು ಒಮ್ಮೆ ಶುಭ ಮತ್ತು ಆಶಯ ಎಂದು ಬಿಡಿಸಿದರೆ ಸಾಕು, ಷಕಾರ ತಾನಾಗಿ ಬಿದ್ದುಹೋಗುತ್ತದೆ.

ವಿಸರ್ಗ ಎಲ್ಲಿ ರೇಫವಾಗುತ್ತದೆ, ಎಲ್ಲಿ ಆಗುವುದಿಲ್ಲ

‘ಪುನರ್ ಪರಿಶೀಲನೆ’ ಎಂದು ಎರಡು ತುಂಡಾಗಿ ಬರೆಯುವ ರೂಢಿ ಈಗ ಎಲ್ಲ ಕಡೆ ಹಬ್ಬಿದೆ. ಪುನರ್ಜನ್ಮ, ಪುನರ್ವಸತಿ, ಪುನರಾವರ್ತನೆ ಎಂಬ ಪದಗಳನ್ನು ಕೇಳಿದವರು ‘ಪುನರ್’ ಎಂಬುದು ಎಲ್ಲಿ ಬೇಕಾದರೂ ಹಚ್ಚಬಹುದಾದ ತುಣುಕೆಂದು ಭಾವಿಸಿದ್ದಾರೆ. ಆದರೆ ರೇಫ ಉಳಿಯುವುದು ಮುಂದೆ ಸ್ವರವೋ ಘೋಷವ್ಯಂಜನವೋ ಇದ್ದಾಗ, ಎಂದರೆ ಗ, ಜ, ದ, ಬ ಮೊದಲಾದವು, ಅನುನಾಸಿಕಗಳು, ಯ, ವ ಮುಂತಾದವು ಬಂದಾಗ ಮಾತ್ರ. ಮುಂದೆ ಕ, ಖ, ಪ, ಫ ಬಂದರೆ ವಿಸರ್ಗವೇ ಇರುತ್ತದೆ: ‘ಪುನಃಪರಿಶೀಲನೆ’, ‘ಅಂತಃಕರಣ’. ಚಕಾರ ಬಂದರೆ ವಿಸರ್ಗವು ಶಕಾರವಾಗುತ್ತದೆ: ‘ಪುನಶ್ಚೇತನ’. ಮುಂದೆ ಇನ್ನೊಂದು ರೇಫವೇ ಬಂದರೆ ಹಿಂದಿನ ರೇಫ ಬಿದ್ದುಹೋಗಿ ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ‘ನೀರಸ’ದಲ್ಲಿ ದೀರ್ಘ ಬಂದುದೂ ‘ಅಂತಾರಾಷ್ಟ್ರೀಯ’ದಲ್ಲಿ ತಾ ಬಂದುದೂ ಇದರಿಂದಲೇ. ‘ಅಂತರ’ ಎಂಬ ಅಕಾರಾಂತ ಪದವನ್ನು ಹಿಡಿದು ‘ಅಂತರರಾಷ್ಟ್ರೀಯ’ ಎಂದು ಕಟ್ಟಿದ ರೂಪವೂ ಬಳಕೆಯಲ್ಲಿದೆ, ಅದಕ್ಕೂ ಸಮರ್ಥನೆಯಿದೆ. ಎರಡರ ನಡುವೆ ನಿಂತ ‘ಅಂತರ್‌ರಾಷ್ಟ್ರೀಯ’ಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಮನಸ್, ತಪಸ್ ಮುಂತಾದ ಪದಗಳ ದಾರಿ ಬೇರೆ. ಘೋಷವ್ಯಂಜನದ ಮುಂದೆ ಇವುಗಳ ಕೊನೆ ಓಕಾರವಾಗುತ್ತದೆ: ಮನೋಭಾವ, ಮನೋರಂಜನೆ, ತಪೋವನ. ಇದನ್ನು ನೋಡಿ ‘ಮನೋ’ ಎಂಬುದೇ ಪದವೆಂದು ಬಗೆದು ‘ಮನೋಸ್ಥಿತಿ’, ‘ಮನೋಸ್ಥೈರ್ಯ’ ಎಂದು ಬರೆಯುವುದು ಸಲ್ಲದು. ಸಕಾರ ಅಘೋಷ, ಅಲ್ಲಿ ‘ಮನಃಸ್ಥಿತಿ’, ‘ಮನಃಸ್ಥೈರ್ಯ’ ಎಂದೇ ಆಗಬೇಕು. ಹಾಗೆಯೇ ನಿಃ, ದುಃ ಎಂಬುವುಗಳ ವಿಸರ್ಗ ಕಕಾರ ಪಕಾರಗಳ ಮುಂದೆ ಷಕಾರವಾಗುತ್ತದೆ, ಚಕಾರದ ಮುಂದೆ ಶಕಾರವಾಗುತ್ತದೆ, ತಕಾರದ ಮುಂದೆ ಸಕಾರವಾಗುತ್ತದೆ. ನಿಷ್ಕಾರಣ, ದುಷ್ಪರಿಣಾಮ, ನಿಷ್ಪಕ್ಷಪಾತ ಒಂದು ಕಡೆ. ನಿಶ್ಚಿಂತೆ, ನಿಶ್ಚಲ ಇನ್ನೊಂದು ಕಡೆ. ನಿಸ್ತೇಜ ಮತ್ತೊಂದು ಕಡೆ. ಶ, ಷ, ಸಗಳಲ್ಲಿ ಯಾವುದೆಂಬ ದೊಡ್ಡ ಗೊಂದಲ ಈ ಪದಗಳಲ್ಲಾದರೂ ಮುಂದಿನ ಅಕ್ಷರವನ್ನು ನೋಡಿದ ಕೂಡಲೇ ತೀರುತ್ತದೆ.

‘ಆಶೀರ್ವಾದ’ವನ್ನು ‘ಆರ್ಶೀವಾದ’ವೆಂದು ಬರೆಯುವುದಕ್ಕೆ ನಮ್ಮ ಲಿಪಿಯೂ ಒಂದು ಕಾರಣ. ಅರ್ಕಾವೊತ್ತನ್ನು ಮೊದಲು ಉಚ್ಚರಿಸುತ್ತೇವೆ, ಬರೆಯುವುದು ಮಾತ್ರ ಮುಂದಿನ ಅಕ್ಷರದ ಬಲಕ್ಕೆ. ಹೀಗಾಗಿ ಅದು ಯಾವ ಅಕ್ಷರದ ಪಕ್ಕದಲ್ಲಿರಬೇಕೆಂಬುದು ಕಣ್ಣಿಗೆ ತಪ್ಪಿಹೋಗುತ್ತದೆ. ಬಿಡಿಸಿದರೆ ಆಶೀಃ ಮತ್ತು ವಾದ. ವಿಸರ್ಗವಿರುವುದು ಶೀಕಾರದ ಬಳಿಕ, ವಕಾರದ ಮುಂದೆ. ಅದೇ ರೇಫವಾದುದರಿಂದ ಅರ್ಕಾವೊತ್ತು ‘ವಾ’ದ ಜೊತೆಗೇ ಹೋಗಬೇಕು. ಕೀಲಿಮಣೆಯಲ್ಲಿ ಒತ್ತುವಾಗಲೂ ಉಚ್ಚಾರಣೆಯ ಸರದಿಯಲ್ಲಿಯೇ ಶೀ, ರ್, ವಾ ಎಂದು ಒತ್ತಿದರೆ ಅಕ್ಷರ ತಾನಾಗಿ ಸರಿಯಾದ ಜಾಗದಲ್ಲಿ ಕೂರುತ್ತದೆ.

ಕನ್ನಡದ ಕೂಡಿಕೆ

ಕನ್ನಡ ಸಂಧಿಯ ತಪ್ಪುಗಳನ್ನು ಗುರುತಿಸುವುದು ಇದಕ್ಕಿಂತ ಸುಲಭ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಅ, ಆ, ಇ, ಎ ಮುಂತಾದ ಪೂರ್ಣ ಸ್ವರಾಕ್ಷರಗಳು ಕನ್ನಡದ ಪದದ ನಡುವೆ ಬಂದು ಕುಳಿತಿದ್ದರೆ ಅಲ್ಲಿ ಸಂಧಿ ತಪ್ಪಿದೆಯೆಂದೇ ಬಹುಮಟ್ಟಿಗೆ ಹೇಳಬಹುದು. ‘ಮನೆಇಂದ’, ‘ಚೆನ್ನಾಗಿಇದೆ’, ‘ಬರುತ್ತಾಇದೆ’ ಎಂಬ ಬರಹಗಳು ಮೊಬೈಲಿನಲ್ಲಿ ಒತ್ತುವ ಅವಸರದಿಂದ ಹೆಚ್ಚಾಗಿವೆ. ಎ, ಇಕಾರಗಳ ಬಳಿಕ ಯಕಾರ ಬಂದು ‘ಮನೆಯಿಂದ’, ‘ಕಚೇರಿಯಲ್ಲಿ’ ಆಗಬೇಕು. ‘ಚೆನ್ನಾಗಿದೆ’, ‘ಬರುತ್ತಿದೆ’ ಎಂಬಲ್ಲಿ ಕೂಡಿಸಿಯೇ ಬರೆಯಬೇಕು; ಒತ್ತಿ ಹೇಳಬೇಕಾದರೆ ‘ಚೆನ್ನಾಗಿ ಇದೆ’ ಎಂದು ಬಿಡಿಸಿ ಬರೆದರೂ ತಪ್ಪಿಲ್ಲ. ಆದರೆ ವಿಭಕ್ತಿ ಪ್ರತ್ಯಯಗಳಿಗೂ ಬಹುವಚನದ ಪ್ರತ್ಯಯಕ್ಕೂ ಹಾಗೆ ಬಿಡಿಯಾಗಿ ನಿಲ್ಲುವ ಶಕ್ತಿಯಿಲ್ಲ. ‘ಬೇಡಿಕೆ ಇಂದ’, ‘ಪುಸ್ತಕ ಗಳು’ ಎಂದು ಬಿಡಿಸುವುದು ಎಂದಿಗೂ ಸರಿಯಾಗದು. ‘ಮಾಡ ಬೇಕು’, ‘ಹೋಗ ಬಾರದು’ ಎಂಬುವೂ ಅಷ್ಟೇ; ‘ಮಾಡ’, ‘ಹೋಗ’ ಎಂಬ ಅರೆಪದಗಳು ಒಂಟಿಯಾಗಿ ಈ ಅರ್ಥವನ್ನು ಕೊಡಲಾರವು.

ಸ್ವಲ್ಪ ಯೋಚಿಸಬೇಕಾದ ಜಾಗವೆಂದರೆ ಉಕಾರಾಂತ ಪದಗಳು. ಊರು, ಕಾಡು, ಮಾತು ಎಂಬುವುಗಳ ಉಕಾರ ಲೋಪವಾಗಿ ಊರಲ್ಲಿ, ಕಾಡಿಗೆ, ಮಾತನ್ನು ಎಂದಾಗುತ್ತದೆ. ಗುರು, ಮಗು, ಹಸು, ವಸ್ತು, ಋತು ಎಂಬುವುಗಳ ಉಕಾರ ಉಳಿದು ವಕಾರ ಆಗಮವಾಗುತ್ತದೆ: ಗುರುವನ್ನು, ಮಗುವಿಗೆ, ಹಸುವಿನ, ವಸ್ತುವನ್ನು, ಋತುವಿನಲ್ಲಿ. ಲೋಪ ಮಾಡಿದರೆ ಅರ್ಥ ಕೆಡುವುದೇ ಎಂದು ನೋಡುವುದು ಹಳೆಯ ಕಾಲದಿಂದ ಬಂದ ಪರೀಕ್ಷೆ. ‘ಮಗು’ವಿನ ಉಕಾರವನ್ನು ತೆಗೆದರೆ ‘ಮಗನ್ನು’ ಎಂದಾಗಿ ಮಗುವೂ ಮಗನೂ ಬೆರೆತುಹೋಗುತ್ತವೆ. ‘ಊರು’ ಎಂಬುದಕ್ಕೆ ಅಂತಹ ಅಪಾಯವಿಲ್ಲ. ವ್ಯಂಜನದಲ್ಲಿ ಕೊನೆಗೊಳ್ಳುವ ಇಂಗ್ಲಿಷ್ ಪದಗಳಿಗೆ ಉಕಾರ ಸೇರಿಸಿಕೊಂಡರೆ ಈ ದಾರಿಯೇ ತೆರೆಯುತ್ತದೆ: ಬಸ್ಸು, ಬಸ್ಸಿನಲ್ಲಿ. ‘ಬಸ್‌ನಲ್ಲಿ’ ಎಂಬ ಪತ್ರಿಕೆಗಳ ರೂಪವೂ ಒಪ್ಪಿತವೇ, ಆದರೆ ಸಕಾರ ನಕಾರಗಳು ಅಂಟಿಕೊಂಡು ‘ಬಸ್ನಲ್ಲಿ’ ಆಗದಿರಲು ನಡುವೆ ಯೂನಿಕೋಡಿನ U+200C ಎಂಬ ಕಾಣದ ಚಿಹ್ನೆಯನ್ನು ಒತ್ತಬೇಕಾಗುತ್ತದೆ.

ಕ, ತ, ಪಗಳು ಗ, ದ, ಬಗಳಾಗುವ ಆದೇಶಸಂಧಿಯನ್ನು ಕಂಡಕಂಡಲ್ಲಿ ಮಾಡುವಂತಿಲ್ಲ. ಮಳೆಗಾಲ, ಚಳಿಗಾಲ ಎನ್ನುತ್ತೇವೆ. ಬೇಸಿಗೆಗೆ ಮಾತ್ರ ‘ಬೇಸಿಗೆ ಕಾಲ’ವೇ ರೂಢಿ. ಇಲ್ಲಿ ಬಳಕೆಯೇ ಪ್ರಮಾಣ.

ಸಂಸ್ಕೃತ ಸಂಧಿ ಎರಡೂ ಪದಗಳು ಸಂಸ್ಕೃತವಾದಾಗ ಮಾತ್ರ ಎಂಬ ಗಡಿಯನ್ನೂ ನೆನಪಿಡಬೇಕು. ಮಳೆ ಕನ್ನಡ, ಆಶ್ರಿತ ಸಂಸ್ಕೃತ. ಅಲ್ಲಿ ಕನ್ನಡದ ಯಕಾರಾಗಮವೇ ಆಗಿ ‘ಮಳೆಯಾಶ್ರಿತ’ ಎಂಬ ಪದ ಕೃಷಿಯ ಬರಹಗಳಲ್ಲಿ ಚೆನ್ನಾಗಿ ನೆಲೆಗೊಂಡಿದೆ. ಈ ಗಡಿಯನ್ನು ದಾಟಿಯೂ ಗಟ್ಟಿಯಾಗಿ ನಿಂತ ಪದಗಳಿವೆ. ‘ಜಿಲ್ಲಾ’ ಅರಬ್ಬಿಯಿಂದ ಬಂದದ್ದು, ಆದರೂ ‘ಜಿಲ್ಲಾಧಿಕಾರಿ’ಯಲ್ಲಿ ಸವರ್ಣದೀರ್ಘವಾಗಿದೆ, ಅದನ್ನು ಇಂದು ಯಾರೂ ತಿದ್ದಬೇಕಾಗಿಲ್ಲ. ತತ್ತ್ವ, ಮಹತ್ತ್ವ ಎಂಬ ಮೂಲರೂಪಗಳ ಜಾಗದಲ್ಲಿ ತತ್ವ, ಮಹತ್ವ ಎಂದು ಬರೆಯುವುದನ್ನೂ ನಾನು ತಪ್ಪೆಂದು ಎಣಿಸುವುದಿಲ್ಲ. ಉಚ್ಚಾರಣೆಯಲ್ಲಿ ಭೇದವಿಲ್ಲ, ಅರ್ಥ ಕೆಡುವುದಿಲ್ಲ, ಕನ್ನಡ ಅವನ್ನು ಒಪ್ಪಿಕೊಂಡಾಗಿದೆ. ಒಂದೇ ಬರಹದಲ್ಲಿ ಎರಡೂ ರೂಪಗಳು ಬೆರೆಯದಂತೆ ನೋಡಿಕೊಂಡರೆ ಸಾಕು.

ಒಂದು ಆಮಂತ್ರಣ ಪತ್ರಿಕೆ

ಆಮಂತ್ರಣ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೆಡೆ ಸೇರಿಸಿದರೆ ಇಂಥದೊಂದು ವಾಕ್ಯವಾಗುತ್ತದೆ: ‘ದೇವಸ್ತಾನದ ಜೀರ್ಣೋದ್ದಾರ ಕಾರ್ಯದ ಉದ್ಗಾಟಣೆಗೆ ತಮಗೆ ಹಾರ್ಧಿಕ ಸ್ವಾಗತ; ಪೂಜ್ಯರು ಆರ್ಶೀವಾದ ನೀಡಲಿದ್ದಾರೆ.’

‘ದೇವಸ್ತಾನ’ದ ಎರಡನೆಯ ಭಾಗ ಸ್ಥಾನ, ಸ್ಥಳ, ಸ್ಥಿತಿ, ಸ್ಥಿರಗಳ ನೆಂಟ, ಆದ್ದರಿಂದ ಥಕಾರ ಬೇಕು. ‘ಜೀರ್ಣೋದ್ದಾರ’ದಲ್ಲಿ ಎರಡು ಸಂಧಿಗಳಿವೆ. ಮೊದಲು ಉತ್ ಮತ್ತು ಹಾರ ಸೇರಿ ಉದ್ಧಾರವಾಯಿತು, ಬಳಿಕ ಜೀರ್ಣ ಮತ್ತು ಉದ್ಧಾರ ಸೇರಿ ಗುಣಸಂಧಿಯಿಂದ ಜೀರ್ಣೋದ್ಧಾರವಾಯಿತು. ಓಕಾರವನ್ನು ಬರೆದವರು ಸರಿಯಾಗಿಯೇ ಬರೆದಿದ್ದಾರೆ, ಒಳಗಿನ ಸಂಧಿಯನ್ನು ಬಿಡಿಸಿಲ್ಲ. ‘ಉದ್ಗಾಟಣೆ’ಯಲ್ಲಿ ಎರಡು ತಪ್ಪುಗಳಿವೆ. ಉತ್ ಮುಂದೆ ಘಾಟನೆ ಬಂದಾಗ ತಕಾರ ದಕಾರವಾಗುತ್ತದೆ, ಘಕಾರ ಹಾಗೆಯೇ ಇರುತ್ತದೆ. ಕೊನೆಯ ನಕಾರ ಣಕಾರವಾಗಲು ಅದೇ ಪದದಲ್ಲಿ ಹಿಂದೆ ಋ, ರ ಅಥವಾ ಷ ಇರಬೇಕು, ಪ್ರೇರಣೆ, ಭಾಷಣ, ಅರ್ಪಣೆಗಳಲ್ಲಿ ಇರುವಂತೆ. ಇದ್ದರೂ ನಡುವೆ ಚ, ಟ, ತ ವರ್ಗದ ಅಕ್ಷರವೋ ಶ, ಸ, ಲಗಳೋ ಬಂದರೆ ಬದಲಾವಣೆ ನಿಲ್ಲುತ್ತದೆ. ಪ್ರಾರ್ಥನೆ, ಅರ್ಚನೆ, ಪ್ರದರ್ಶನಗಳಲ್ಲಿ ನಕಾರ ಉಳಿದಿರುವುದು ಅದಕ್ಕೇ. ಉದ್ಘಾಟನೆಯಲ್ಲಿ ರೇಫವೂ ಇಲ್ಲ, ಷಕಾರವೂ ಇಲ್ಲ, ಣಕಾರ ಬರಲು ಕಾರಣವೇ ಇಲ್ಲ. ಹಾರ್ದಿಕದ ದಕಾರವನ್ನು ಹೃದಯದಿಂದಲೂ ಆಶೀರ್ವಾದದ ಅರ್ಕಾವೊತ್ತನ್ನು ವಿಸರ್ಗದ ಜಾಗದಿಂದಲೂ ಈಗಾಗಲೇ ತಿಳಿದಾಗಿದೆ.

ಅಚ್ಚಿಗೆ ಹೋಗಬೇಕಾದ ವಾಕ್ಯ ಇದು: ‘ದೇವಸ್ಥಾನದ ಜೀರ್ಣೋದ್ಧಾರ ಕಾರ್ಯದ ಉದ್ಘಾಟನೆಗೆ ತಮಗೆ ಹಾರ್ದಿಕ ಸ್ವಾಗತ; ಪೂಜ್ಯರು ಆಶೀರ್ವಾದ ನೀಡಲಿದ್ದಾರೆ.’ ಕರಡು ತಿದ್ದುವಾಗ ವಾಕ್ಯವನ್ನು ಅರ್ಥಕ್ಕಾಗಿ ಓದಿದರೆ ಇಂತಹ ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಮನಸ್ಸು ತಾನೇ ಅವನ್ನು ತುಂಬಿಕೊಳ್ಳುತ್ತದೆ. ಕೂಡಿದ ಪದಗಳಿಗೆ ಮಾತ್ರ ಪೆನ್ಸಿಲಿನಿಂದ ಗುರುತು ಹಾಕಿ, ಒಂದೊಂದನ್ನೂ ಅಂಚಿನಲ್ಲಿ ಬಿಡಿಸಿ ಬರೆದು ಮತ್ತೆ ಕೂಡಿಸಿ ನೋಡುವುದಕ್ಕೆ ಇಂಥ ಒಂದು ಪತ್ರಿಕೆಗೆ ಕೆಲವೇ ನಿಮಿಷಗಳು ಸಾಕು.